ಗೌಸ್ ಪೂರ್ಣಾಂಕಗಳ ಅಪವರ್ತನ: ಒಲಿಂಪಿಯಾಡ್ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಶೇಷಗಣಿತ, ಅಂದರೆ a ≡ b (mod n) ಎಂಬ ಬರವಣಿಗೆ, ನಿಮಗೆ ಗೊತ್ತಿದೆ ಎಂದುಕೊಂಡು ಈ ಪುಟ ಬರೆದಿದ್ದೇನೆ. ಸಂಮಿಶ್ರ ಸಂಖ್ಯೆಗಳ ಗುಣಾಕಾರವೂ ಬರಬೇಕು. ಇವೆರಡು ಬಿಟ್ಟು ಬೇರೇನೂ ಬೇಡ. ಪ್ರಶ್ನೆಗಳನ್ನು ಕ್ರಮವಾಗಿ ಓದಿದರೆ ಒಳ್ಳೆಯದು, ಏಕೆಂದರೆ ಮುಂದಿನ ಉತ್ತರಗಳು ಹಿಂದಿನವುಗಳ ಮೇಲೆ ನಿಂತಿವೆ.

ಗೌಸ್ ಪೂರ್ಣಾಂಕ ಅಂದರೆ ಯಾವುದು?

a + bi ರೂಪದ ಸಂಖ್ಯೆ. ಇಲ್ಲಿ a, b ಎರಡೂ ಪೂರ್ಣಾಂಕಗಳು, i² = −1. 3 + 4i, −7i, 12 ಇವೆಲ್ಲ ಗೌಸ್ ಪೂರ್ಣಾಂಕಗಳೇ. ನಮ್ಮ ಮಾಮೂಲಿ ಪೂರ್ಣಾಂಕಗಳೂ ಇದರಲ್ಲಿ ಸೇರಿವೆ. ಎರಡು ಗೌಸ್ ಪೂರ್ಣಾಂಕಗಳನ್ನು ಕೂಡಿಸಿದರೂ, ಕಳೆದರೂ, ಗುಣಿಸಿದರೂ ಮತ್ತೆ ಗೌಸ್ ಪೂರ್ಣಾಂಕವೇ ಸಿಗುತ್ತದೆ. ಭಾಗಿಸಿದರೆ ಮಾತ್ರ ಯಾವಾಗಲೂ ಸಿಗುವುದಿಲ್ಲ. ಹಾಗಾಗಿಯೇ ಅಪವರ್ತನದ ಪ್ರಶ್ನೆ ಹುಟ್ಟುತ್ತದೆ. ಗೌಸ್ 1832ರಲ್ಲಿ ನಾಲ್ಕನೇ ಘಾತದ ಶೇಷಗಳ ಬಗ್ಗೆ ಪ್ರಕಟಿಸಿದ ಎರಡನೇ ಪ್ರಬಂಧದಲ್ಲಿ ಈ ಸಂಖ್ಯೆಗಳನ್ನು ವ್ಯವಸ್ಥಿತವಾಗಿ ಬಳಸಿದ. ಹೆಸರು ಅಲ್ಲಿಂದ ಬಂತು.

5 ಅವಿಭಾಜ್ಯ ಸಂಖ್ಯೆ ಅಲ್ವಾ? ಇಲ್ಲಿ ಅದು ಹೇಗೆ ಒಡೆಯುತ್ತದೆ?

(2 + i)(2 − i) = 4 + 1 = 5. ಅಷ್ಟೇ. ಮಾಮೂಲಿ ಪೂರ್ಣಾಂಕಗಳಲ್ಲಿ 5ಕ್ಕೆ ಅಪವರ್ತನಗಳಿಲ್ಲ, ಆದರೆ ಆಟದ ಮೈದಾನ ದೊಡ್ಡದಾದ ಕೂಡಲೇ ಸಿಕ್ಕವು. ಅವಿಭಾಜ್ಯತೆ ಸಂಖ್ಯೆಯೊಂದರದ್ದೇ ಗುಣವಲ್ಲ. ನಾವು ಯಾವ ಸಂಖ್ಯೆಗಳ ನಡುವೆ ನಿಂತು ನೋಡುತ್ತಿದ್ದೇವೆ ಎಂಬುದರ ಮೇಲೂ ಅದು ನಿಂತಿದೆ.

ಇಲ್ಲಿ ಇನ್ನೊಂದು ಅನುಮಾನ ಬಂದೇ ಬರುತ್ತದೆ. (1 + 2i)(1 − 2i) ಕೂಡ 5 ಆಗುತ್ತದೆ. ಹಾಗಾದರೆ 5ಕ್ಕೆ ಎರಡು ಬೇರೆ ಅಪವರ್ತನಗಳಿವೆಯೇ? ಇಲ್ಲ. i(2 − i) = 1 + 2i ಎಂದು ಗುಣಿಸಿ ನೋಡಿ. ಅಂದರೆ 1 + 2i ಎಂಬುದು 2 − i ಅನ್ನೇ i ಇಂದ ಗುಣಿಸಿದ್ದು. 15 ಅನ್ನು 3 × 5 ಎಂದೂ (−3) × (−5) ಎಂದೂ ಬರೆಯುತ್ತೇವೆ, ಆದರೆ ಅವನ್ನು ಎರಡು ಅಪವರ್ತನ ಎಂದು ಎಣಿಸುವುದಿಲ್ಲ. ಇದೂ ಹಾಗೆಯೇ. 1 ಅನ್ನು ಭಾಗಿಸುವ ಸಂಖ್ಯೆಗೆ ಯುನಿಟ್ ಎನ್ನುತ್ತಾರೆ. ಮಾಮೂಲಿ ಪೂರ್ಣಾಂಕಗಳಲ್ಲಿ 1, −1 ಎಂಬ ಎರಡು ಯುನಿಟ್‌ಗಳಿವೆ. ಇಲ್ಲಿ 1, −1, i, −i ಎಂಬ ನಾಲ್ಕು. ಯುನಿಟ್ ಇಂದ ಗುಣಿಸಿ ಪಡೆದ ಸಂಖ್ಯೆಗಳನ್ನು ಅಪವರ್ತನದ ಮಟ್ಟಿಗೆ ಒಂದೇ ಎಂದು ಲೆಕ್ಕ ಹಾಕಬೇಕು.

ಯುನಿಟ್ ಅಲ್ಲದ ಸಂಖ್ಯೆಯೊಂದನ್ನು ಹೇಗೆ ಒಡೆದರೂ ಒಂದು ತುಂಡು ಯುನಿಟ್ ಆಗಿಯೇ ಬಂದರೆ, ಅದು ಗೌಸ್ ಅವಿಭಾಜ್ಯ.

ಎಲ್ಲರೂ ಮೊದಲು ನಾರ್ಮ್ ಲೆಕ್ಕ ಹಾಕಿ ಎನ್ನುತ್ತಾರೆ. ಯಾಕೆ?

a + bi ಯ ನಾರ್ಮ್ ಅಂದರೆ N(a + bi) = a² + b². ಇದು (a + bi)(a − bi) ಎಂಬ ಗುಣಲಬ್ಧವೇ. ಇದರ ಶಕ್ತಿ ಇರುವುದು ಒಂದೇ ಗುಣದಲ್ಲಿ: N(αβ) = N(α)N(β). ಗೌಸ್ ಪೂರ್ಣಾಂಕ ಒಡೆದರೆ ಅದರ ನಾರ್ಮ್ ಕೂಡ ಅದೇ ರೀತಿ ಒಡೆಯಲೇಬೇಕು. ನಾರ್ಮ್ ಒಂದು ಮಾಮೂಲಿ ಧನ ಪೂರ್ಣಾಂಕ. ಅದನ್ನು ಒಡೆಯಲು ನಮಗೆ ಬರುತ್ತದೆ.

ಉದಾಹರಣೆಗೆ 2 + i ಯ ನಾರ್ಮ್ 5. ಅದು αβ ಆದರೆ N(α)N(β) = 5. ಹಾಗಾಗಿ ಒಂದರ ನಾರ್ಮ್ 1. ನಾರ್ಮ್ 1 ಇರುವುದು ಯುನಿಟ್‌ಗಳಿಗೆ ಮಾತ್ರ. ಆದ್ದರಿಂದ 2 + i ಗೌಸ್ ಅವಿಭಾಜ್ಯ. ನಾರ್ಮ್ ಮಾಮೂಲಿ ಅವಿಭಾಜ್ಯವಾದರೆ ಸಂಖ್ಯೆ ಗೌಸ್ ಅವಿಭಾಜ್ಯ ಎಂಬುದು ಹೀಗೆ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಇದನ್ನು ತಿರುಗಿಸಿ ಓದಬೇಡಿ. 3ರ ನಾರ್ಮ್ 9, ಅದು ಅವಿಭಾಜ್ಯವಲ್ಲ. ಆದರೂ 3 ಗೌಸ್ ಅವಿಭಾಜ್ಯವೇ. ಅದು ಒಡೆಯಬೇಕಾದರೆ ನಾರ್ಮ್ 3 ಇರುವ ತುಂಡು ಬೇಕು, a² + b² = 3 ಆಗುವ ಪೂರ್ಣಾಂಕಗಳೇ ಇಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ಕಾಣಿಸುತ್ತದೆ. α ಸಂಖ್ಯೆ β ಅನ್ನು ಭಾಗಿಸಿದರೆ N(α) ಖಂಡಿತ N(β) ಅನ್ನು ಭಾಗಿಸುತ್ತದೆ. ಆದರೆ ನಾರ್ಮ್ ಭಾಗಿಸಿತು ಎಂದ ಮಾತ್ರಕ್ಕೆ ಸಂಖ್ಯೆ ಭಾಗಿಸುವುದಿಲ್ಲ. 2 − i ಯ ನಾರ್ಮ್ 5, 3 + 4i ಯ ನಾರ್ಮ್ 25. ಭಾಗಿಸಿ ನೋಡಿದರೆ (3 + 4i)(2 + i)/5 = (2 + 11i)/5. ಇದು ಗೌಸ್ ಪೂರ್ಣಾಂಕ ಅಲ್ಲ. ನಾರ್ಮ್ ಅಭ್ಯರ್ಥಿಗಳನ್ನು ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ.

ಯಾವ ಮಾಮೂಲಿ ಅವಿಭಾಜ್ಯಗಳು ಒಡೆಯುತ್ತವೆ?

4ರಿಂದ ಭಾಗಿಸಿದಾಗ ಶೇಷ 1 ಬರುವವು ಒಡೆಯುತ್ತವೆ: 5, 13, 17, 29, 37, 41 ಹೀಗೆ. ಶೇಷ 3 ಬರುವವು ಒಡೆಯುವುದಿಲ್ಲ: 3, 7, 11, 19, 23, 31. ಅವು ಇಲ್ಲಿಯೂ ಅವಿಭಾಜ್ಯವಾಗಿಯೇ ಉಳಿಯುತ್ತವೆ. 2ರದ್ದು ಬೇರೆಯೇ ಕಥೆ. 2 = (1 + i)(1 − i), ಆದರೆ 1 − i = −i(1 + i). ಎರಡೂ ತುಂಡುಗಳು ಯುನಿಟ್ ಮಟ್ಟಿಗೆ ಒಂದೇ. ಆದ್ದರಿಂದ 2 = −i(1 + i)², ಅಂದರೆ ಒಂದೇ ಅವಿಭಾಜ್ಯದ ವರ್ಗ. 5ರಲ್ಲಿ ಹೀಗಾಗುವುದಿಲ್ಲ. 2 + i ಅನ್ನು ಯಾವ ಯುನಿಟ್ ಇಂದ ಗುಣಿಸಿದರೂ 2 − i ಸಿಗುವುದಿಲ್ಲ.

ಬೇರೆ ಗೌಸ್ ಅವಿಭಾಜ್ಯಗಳು ಎಲ್ಲಾದರೂ ಅಡಗಿವೆಯೇ? ಇಲ್ಲ. ಯಾವುದೇ ಗೌಸ್ ಅವಿಭಾಜ್ಯ π ತನ್ನ ನಾರ್ಮ್ ಅನ್ನು ಭಾಗಿಸುತ್ತದೆ. ನಾರ್ಮ್ ಮಾಮೂಲಿ ಅವಿಭಾಜ್ಯಗಳ ಗುಣಲಬ್ಧ. ಹಾಗಾಗಿ π ಅವುಗಳಲ್ಲಿ ಒಂದನ್ನು ಭಾಗಿಸಲೇಬೇಕು. ಮಾಮೂಲಿ ಅವಿಭಾಜ್ಯಗಳನ್ನು ಒಡೆದು ಮುಗಿಸಿದರೆ ಎಲ್ಲ ಗೌಸ್ ಅವಿಭಾಜ್ಯಗಳೂ ಕೈಗೆ ಸಿಕ್ಕಂತೆ. ಈ ವಾದ ಒಂದು ಮಾತನ್ನು ಸಾಲ ಪಡೆದಿದೆ: ಗೌಸ್ ಅವಿಭಾಜ್ಯ ಒಂದು ಗುಣಲಬ್ಧವನ್ನು ಭಾಗಿಸಿದರೆ ಅದರ ಒಂದು ತುಂಡನ್ನು ಭಾಗಿಸುತ್ತದೆ ಎಂಬುದು. ಆ ಸಾಲವನ್ನು ಯೂಕ್ಲಿಡ್ ಭಾಗಾಕಾರದ ಪ್ರಶ್ನೆಯಲ್ಲಿ ತೀರಿಸುತ್ತೇನೆ.

4ರ ಶೇಷಕ್ಕೂ ಒಡೆಯುವುದಕ್ಕೂ ಏನು ಸಂಬಂಧ? ಸಾಧನೆ ಬೇಕು.

ಶೇಷ 3ರ ಕಡೆ ಸುಲಭ. p = αβ ಎಂದು ನಿಜವಾಗಿ ಒಡೆದರೆ ನಾರ್ಮ್ p² = N(α)N(β). ಯಾವುದೂ 1 ಅಲ್ಲ, ಹಾಗಾಗಿ ಎರಡೂ p. ಅಂದರೆ p = a² + b². ವರ್ಗಸಂಖ್ಯೆಯನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1. ಎರಡು ವರ್ಗಗಳನ್ನು ಕೂಡಿಸಿ ಶೇಷ 3 ತರಲು ಸಾಧ್ಯವೇ ಇಲ್ಲ.

ಶೇಷ 1ರ ಕಡೆ ಸ್ವಲ್ಪ ಕೆಲಸವಿದೆ. ಮೊದಲು x² ≡ −1 (mod p) ಆಗುವ x ಬೇಕು. ವಿಲ್ಸನ್ ಪ್ರಮೇಯದ ಪ್ರಕಾರ (p − 1)! ≡ −1. ಈ ಗುಣಲಬ್ಧದಲ್ಲಿ k ಮತ್ತು p − k ಎಂಬ ಜೋಡಿಗಳಿವೆ, ಮತ್ತು p − k ≡ −k. ಜೋಡಿಗಳ ಸಂಖ್ಯೆ (p − 1)/2. p ≡ 1 (mod 4) ಆದ್ದರಿಂದ ಅದು ಸಮಸಂಖ್ಯೆ, ಹಾಗಾಗಿ ಮೈನಸ್‌ಗಳೆಲ್ಲ ಹೋಗುತ್ತವೆ. ಉಳಿಯುವುದು x² ≡ −1, ಇಲ್ಲಿ x = ((p − 1)/2)!. 13ಕ್ಕೆ ನೋಡಿ: 6! = 720 ≡ 5, ಮತ್ತು 25 ≡ −1.

ಈಗ p ಸಂಖ್ಯೆ x² + 1 ಅನ್ನು, ಅಂದರೆ (x + i)(x − i) ಅನ್ನು ಭಾಗಿಸುತ್ತದೆ. p ಗೌಸ್ ಅವಿಭಾಜ್ಯವಾಗಿದ್ದರೆ ಇವೆರಡರಲ್ಲಿ ಒಂದನ್ನು ಭಾಗಿಸಬೇಕಿತ್ತು. ಆದರೆ (x ± i)/p ಯಲ್ಲಿ i ಯ ಗುಣಕ ±1/p, ಅದು ಪೂರ್ಣಾಂಕವಲ್ಲ. ಆದ್ದರಿಂದ p ಗೌಸ್ ಅವಿಭಾಜ್ಯವಲ್ಲ, ಅದು ಒಡೆಯುತ್ತದೆ. ಒಡೆದ ತುಂಡಿನ ನಾರ್ಮ್ p ಆದ್ದರಿಂದ p = a² + b² ಎಂಬುದೂ ಜೊತೆಗೇ ಸಿಗುತ್ತದೆ. ಫರ್ಮಾ 1640ರಲ್ಲಿ ಮರ್ಸೆನ್‌ಗೆ ಬರೆದ ಪತ್ರದಲ್ಲಿ ಹೇಳಿದ ಎರಡು ವರ್ಗಗಳ ಪ್ರಮೇಯ ಇದೇ.

ದೊಡ್ಡ p ಕೊಟ್ಟರೆ a, b ಯನ್ನು ಸುಮ್ನೆ ಹುಡುಕುತ್ತಾ ಕೂರಬೇಕೇ?

ಬೇಡ. ಮೇಲಿನ ಸಾಧನೆಯೇ ದಾರಿ ತೋರಿಸುತ್ತದೆ. p ಮತ್ತು x + i ಇವುಗಳ ಮ.ಸಾ.ಅ. ತೆಗೆದರೆ ಅದೇ p ಯ ಒಂದು ತುಂಡು. ಆದರೆ x ಹುಡುಕಲು ಫ್ಯಾಕ್ಟೋರಿಯಲ್ ಬಳಸಬೇಡಿ, ಅದು ಸಾಧನೆಗಷ್ಟೇ ಚೆನ್ನ. ಯಾವುದಾದರೂ ಚಿಕ್ಕ c ತೆಗೆದುಕೊಂಡು c ಯ (p − 1)/4 ನೇ ಘಾತವನ್ನು p ಯ ಶೇಷದಲ್ಲಿ ಲೆಕ್ಕ ಹಾಕಿ.

p = 97 ತೆಗೆದುಕೊಳ್ಳೋಣ. (97 − 1)/4 = 24. c = 2 ಆದರೆ 2²⁴ ≡ −1 ಬರುತ್ತದೆ. ಇದರ ವರ್ಗ 1, ನಮಗೆ ಬೇಕಾದದ್ದು −1. ಉತ್ತರ 1 ಅಥವಾ −1 ಬಂದರೆ ಆ c ಕೆಲಸಕ್ಕೆ ಬಾರದು ಎಂದರ್ಥ, ಏಕೆಂದರೆ ಆ c ಸ್ವತಃ 97ರ ಶೇಷದಲ್ಲಿ ವರ್ಗವಾಗಿದೆ. c = 3 ಕೂಡ −1 ಕೊಡುತ್ತದೆ. c = 5 ನೋಡೋಣ. ವರ್ಗ ಮಾಡುತ್ತಾ ಹೋಗಿ:

5² = 25, 5⁴ = 625 ≡ 43, 5⁸ ≡ 43² = 1849 ≡ 6, 5¹⁶ ≡ 36.

5²⁴ = 5⁸ · 5¹⁶ ≡ 6 · 36 = 216 ≡ 22. ಪರೀಕ್ಷೆ: 22² + 1 = 485 = 5 · 97. ಸರಿಯಾಗಿದೆ.

ಈಗ 97 ಮತ್ತು 22 + i ಯ ಮ.ಸಾ.ಅ. ಭಾಗಿಸಿ: 97/(22 + i) = 97(22 − i)/485 = (22 − i)/5 = 4.4 − 0.2i. ಹತ್ತಿರದ ಗೌಸ್ ಪೂರ್ಣಾಂಕ 4. ಶೇಷ 97 − 4(22 + i) = 9 − 4i. ಮುಂದಿನ ಹೆಜ್ಜೆ: (22 + i)/(9 − 4i) = (22 + i)(9 + 4i)/97 = (194 + 97i)/97 = 2 + i. ಶೇಷ ಸೊನ್ನೆ. ಮುಗಿಯಿತು. 97 = (9 + 4i)(9 − 4i) = 9² + 4².

97ನ್ನು ಕೈಲಿ ಹುಡುಕಿದರೂ ಬೇಗ ಸಿಗುತ್ತಿತ್ತು, ನಿಜ. ಆದರೆ ಆರು ಅಂಕೆಯ p ಬಂದಾಗಲೂ ಈ ದಾರಿಯಲ್ಲಿ ಹೆಜ್ಜೆಗಳು ಕೆಲವೇ.

ಭಾಗಲಬ್ಧವನ್ನು ಹತ್ತಿರದ ಸಂಖ್ಯೆಗೆ ಯಾಕೆ ಸರಿಸಬೇಕು? ಮಾಮೂಲಿಯಂತೆ ಕೆಳಗಿನ ಪೂರ್ಣಾಂಕ ತೆಗೆದುಕೊಂಡರೆ ಆಗದೇ?

ಆಗದು. 1 + 2i ಅನ್ನು 2 + i ಇಂದ ಭಾಗಿಸಿ ನೋಡಿ: (1 + 2i)(2 − i)/5 = 0.8 + 0.6i. ಕೆಳಗೆ ಸರಿಸಿದರೆ ಭಾಗಲಬ್ಧ 0, ಶೇಷ 1 + 2i. ಅದರ ನಾರ್ಮ್ 5, ಭಾಜಕದ ನಾರ್ಮ್ ಕೂಡ 5. ಶೇಷ ಚಿಕ್ಕದಾಗಲೇ ಇಲ್ಲ, ಲೆಕ್ಕ ನಿಂತಲ್ಲೇ ನಿಂತಿತು. ಹತ್ತಿರಕ್ಕೆ ಸರಿಸಿದರೆ ಭಾಗಲಬ್ಧ 1 + i. ಶೇಷ (1 + 2i) − (1 + i)(2 + i) = (1 + 2i) − (1 + 3i) = −i. ನಾರ್ಮ್ 1.

ಕಾರಣ ಇಷ್ಟು. ಹತ್ತಿರಕ್ಕೆ ಸರಿಸಿದಾಗ ಎರಡೂ ಭಾಗಗಳಲ್ಲಿ ವ್ಯತ್ಯಾಸ 1/2 ಮೀರುವುದಿಲ್ಲ. ವ್ಯತ್ಯಾಸದ ನಾರ್ಮ್ ಹೆಚ್ಚೆಂದರೆ 1/4 + 1/4 = 1/2. ಆದ್ದರಿಂದ ಶೇಷದ ನಾರ್ಮ್ ಭಾಜಕದ ನಾರ್ಮ್‌ನ ಅರ್ಧಕ್ಕಿಂತ ಜಾಸ್ತಿ ಆಗುವುದಿಲ್ಲ. ಪ್ರತಿ ಹೆಜ್ಜೆಗೂ ಕನಿಷ್ಠ ಅರ್ಧದಷ್ಟು ಇಳಿಯುತ್ತದೆ, ಹಾಗಾಗಿ ಕ್ರಮ ಬೇಗ ಮುಗಿಯುತ್ತದೆ.

ಸಾಲ ತೀರಿಸುವ ಹೊತ್ತು ಬಂತು. ಯೂಕ್ಲಿಡ್ ಕ್ರಮ ನಡೆಯುವುದರಿಂದ ಮ.ಸಾ.ಅ.ವನ್ನು ಎರಡೂ ಸಂಖ್ಯೆಗಳ ಸೇರ್ಪಡೆಯಾಗಿ ಬರೆಯಬಹುದು. ಅವಿಭಾಜ್ಯ π ಯು αβ ಅನ್ನು ಭಾಗಿಸುತ್ತದೆ, ಆದರೆ α ಅನ್ನು ಭಾಗಿಸುವುದಿಲ್ಲ ಎಂದುಕೊಳ್ಳಿ. ಆಗ π ಮತ್ತು α ಯ ಮ.ಸಾ.ಅ. 1, ಹಾಗಾಗಿ πs + αt = 1 ಆಗುವ s, t ಇವೆ. β ಇಂದ ಗುಣಿಸಿದರೆ πβs + αβt = β. ಎಡಗಡೆಯ ಎರಡೂ ಪದಗಳನ್ನು π ಭಾಗಿಸುತ್ತದೆ, ಆದ್ದರಿಂದ β ಯನ್ನೂ ಭಾಗಿಸುತ್ತದೆ. ಅಪವರ್ತನ ಒಂದೇ ರೀತಿ ಎಂಬುದು ಇಲ್ಲಿಂದ ಮಾಮೂಲಿ ಪೂರ್ಣಾಂಕಗಳಲ್ಲಿ ಬಂದಂತೆಯೇ ಬರುತ್ತದೆ.

ಒಂದು ಸಂಖ್ಯೆಯನ್ನು ಪೂರ್ತಿ ಒಡೆದು ತೋರಿಸಿ.

39 + 87i ತೆಗೆದುಕೊಳ್ಳೋಣ. ನಾರ್ಮ್‌ಗೂ ಮೊದಲು 39 ಮತ್ತು 87ರ ಮಾಮೂಲಿ ಮ.ಸಾ.ಅ. ನೋಡಿ. ಅದು 3. ಹೊರಗೆ ತೆಗೆದರೆ 3(13 + 29i). 3 ಗೌಸ್ ಅವಿಭಾಜ್ಯ, ಅದರ ಕೆಲಸ ಮುಗಿಯಿತು.

N(13 + 29i) = 169 + 841 = 1010 = 2 · 5 · 101. ಹಾಗಾಗಿ ತುಂಡುಗಳು ಮೂರು: 1 + i ಒಂದು, 2 + i ಅಥವಾ 2 − i ಒಂದು, 10 + i ಅಥವಾ 10 − i ಒಂದು. 

ಮೊದಲು 1 + i ಇಂದ ಭಾಗಿಸಿ: (13 + 29i)(1 − i)/2 = (42 + 16i)/2 = 21 + 8i. ಈಗ 2 − i ಪ್ರಯತ್ನಿಸಿದರೆ (21 + 8i)(2 + i)/5 = (34 + 37i)/5, ಆಗಲಿಲ್ಲ. ಹಾಗಾದರೆ 2 + i ಆಗಲೇಬೇಕು: (21 + 8i)(2 − i)/5 = (50 − 5i)/5 = 10 − i. ಕೊನೆಯ ತುಂಡು ತಾನಾಗಿಯೇ ಬಂತು.

39 + 87i = 3(1 + i)(2 + i)(10 − i).

ಗುಣಿಸಿ ನೋಡಿ: (1 + i)(2 + i) = 1 + 3i, (1 + 3i)(10 − i) = 13 + 29i. ಇಲ್ಲಿ ಯುನಿಟ್ 1 ಆಗಿ ಬಂದದ್ದು ಅದೃಷ್ಟ. ಎಲ್ಲ ಸಲವೂ ಹಾಗಾಗುವುದಿಲ್ಲ.

ನಾರ್ಮ್‌ನಲ್ಲಿ 5³, 13² ಹೀಗೆ ಘಾತಗಳು ಬಂದರೆ ಪ್ರತಿ ತುಂಡಿಗೂ ಎರಡು ಆಯ್ಕೆ. ಲೆಕ್ಕ ಬೆಳೆಯುತ್ತಾ ಹೋಗುವುದಿಲ್ಲವೇ?

ಬೆಳೆಯುವುದಿಲ್ಲ, ಮ.ಸಾ.ಅ.ವನ್ನು ಮೊದಲೇ ಹೊರಗೆ ತೆಗೆದಿದ್ದರೆ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಡಬೇಕಾದರೆ ಇದನ್ನು ನೆನಪಿಡಿ ಎನ್ನುತ್ತೇನೆ.

a, b ಗೆ ಸಾಮಾನ್ಯ ಅಪವರ್ತನ ಇಲ್ಲ ಎಂದುಕೊಳ್ಳಿ. a + bi ಯಲ್ಲಿ 2 + i ಮತ್ತು 2 − i ಎರಡೂ ಇದ್ದರೆ ಅವುಗಳ ಗುಣಲಬ್ಧ 5 ಅದನ್ನು ಭಾಗಿಸುತ್ತಿತ್ತು. ಆಗ a, b ಎರಡನ್ನೂ 5 ಭಾಗಿಸುತ್ತಿತ್ತು, ಅದು ಸಾಧ್ಯವಿಲ್ಲ. ಆದ್ದರಿಂದ ಒಡೆಯುವ ಪ್ರತಿ p ಗೆ ಎರಡು ತುಂಡುಗಳಲ್ಲಿ ಒಂದು ಮಾತ್ರ ಬರುತ್ತದೆ, ಪೂರ್ತಿ ಘಾತದ ಸಮೇತ. 3, 7ರಂಥವು ನಾರ್ಮ್‌ನಲ್ಲಿ ಬರುವುದೇ ಇಲ್ಲ. 1 + i ಹೆಚ್ಚೆಂದರೆ ಒಂದು ಸಲ ಬರುತ್ತದೆ, ಏಕೆಂದರೆ (1 + i)² = 2i. ಪ್ರತಿ p ಗೂ ಉಳಿಯುವುದು ಒಂದೇ ಪ್ರಶ್ನೆ: ಇದಾ, ಅದಾ?

ಆ ಪ್ರಶ್ನೆಗೂ ಭಾಗಾಕಾರ ಬೇಡ. a + bi = (a − 2b) + b(2 + i) ಎಂದು ಬರೆಯಿರಿ. 2 + i ಇದನ್ನು ಭಾಗಿಸಬೇಕಾದರೆ a − 2b ಯನ್ನು ಭಾಗಿಸಬೇಕು. ಅದು ಮಾಮೂಲಿ ಪೂರ್ಣಾಂಕ, ಹಾಗಾಗಿ 5 ಅದನ್ನು ಭಾಗಿಸಿದರೆ ಮಾತ್ರ ಸಾಧ್ಯ. ಅಂದರೆ i ಇರುವಲ್ಲಿ −2 ಹಾಕಿ 5ರಿಂದ ಭಾಗವಾಗುತ್ತದೆಯೇ ನೋಡಿ. 2 − i ಗೆ i ಇರುವಲ್ಲಿ 2 ಹಾಕಬೇಕು. 3 + 2i ಗೆ 13ರ ಶೇಷದಲ್ಲಿ 2i ≡ −3 ಆಗಬೇಕು. 2ರ ವಿಲೋಮ 7, ಆದ್ದರಿಂದ i ≡ −21 ≡ 5.

201 + 43i ಅನ್ನು ಒಡೆಯೋಣ. ಸಾಮಾನ್ಯ ಅಪವರ್ತನ ಇಲ್ಲ. ನಾರ್ಮ್ 40401 + 1849 = 42250 = 2 · 5³ · 13². 1 + i ಇಂದ ಭಾಗಿಸಿದರೆ 122 − 79i. 5ಕ್ಕೆ: 122 + 158 = 280, 5ರಿಂದ ಭಾಗವಾಗುತ್ತದೆ, ಆದ್ದರಿಂದ (2 + i)³. 13ಕ್ಕೆ: 122 − 5 · 79 = −273 = −21 · 13, ಆದ್ದರಿಂದ (3 + 2i)². ಆರು ತುಂಡುಗಳಿಗೆ ಎರಡೇ ಪರೀಕ್ಷೆ ಸಾಕಾಯಿತು.

ಯುನಿಟ್ ತಿಳಿಯಲು ಒಮ್ಮೆ ಗುಣಿಸಬೇಕು. (2 + i)³ = 2 + 11i, (3 + 2i)² = 5 + 12i, ಗುಣಲಬ್ಧ −122 + 79i. ಚಿಹ್ನೆ ತಿರುಗಿದೆ. ಹಾಗಾಗಿ

201 + 43i = −(1 + i)(2 + i)³(3 + 2i)².

ನಾರ್ಮ್ ಸರಿ ಬಂತು ಎಂದು ಇಲ್ಲೇ ನಿಲ್ಲಿಸುವವರು ಈ ಮೈನಸ್ ಅನ್ನು ಬಿಟ್ಟುಬಿಡುತ್ತಾರೆ. ಯುನಿಟ್‌ನ ನಾರ್ಮ್ 1, ಆದ್ದರಿಂದ ನಾರ್ಮ್ ಅದನ್ನು ಯಾವತ್ತೂ ಹಿಡಿದುಕೊಡುವುದಿಲ್ಲ. 

ಒಲಿಂಪಿಯಾಡ್ ಸಮಸ್ಯೆಯಲ್ಲಿ ಇದು ಎಲ್ಲಿ ಕೆಲಸಕ್ಕೆ ಬರುತ್ತದೆ?

x² + 1 = y³ ಗೆ ಎಲ್ಲ ಪೂರ್ಣಾಂಕ ಪರಿಹಾರಗಳನ್ನು ಹುಡುಕಿ ಎಂಬುದು ಹಳೆಯ, ಚೆಂದದ ಸಮಸ್ಯೆ. ಎಡಗಡೆಯನ್ನು (x + i)(x − i) ಎಂದು ಒಡೆಯಿರಿ. x ಬೆಸವಾಗಿದ್ದರೆ x² + 1 ≡ 2 (mod 4). ಆಗ y ಸಮಸಂಖ್ಯೆ, y³ ಅನ್ನು 8 ಭಾಗಿಸುತ್ತದೆ, ವಿರೋಧ. ಆದ್ದರಿಂದ x ಸಮ.

x + i ಮತ್ತು x − i ಗೆ ಸಾಮಾನ್ಯ ಅವಿಭಾಜ್ಯ ಇದ್ದರೆ ಅದು ವ್ಯತ್ಯಾಸ 2i ಅನ್ನು ಭಾಗಿಸಬೇಕು. ಹಾಗಾಗಿ ಅದು 1 + i. ಆದರೆ x² + 1 ಬೆಸ, ಆದ್ದರಿಂದ 1 + i ಇಲ್ಲ. ಎರಡಕ್ಕೂ ಸಾಮಾನ್ಯ ಅವಿಭಾಜ್ಯ ಇಲ್ಲ, ಗುಣಲಬ್ಧ ಘನ. ಅಪವರ್ತನ ಒಂದೇ ರೀತಿ ಇರುವುದರಿಂದ x + i ಎಂಬುದು ಯುನಿಟ್ ಗುಣಿಸು ಘನ. ನಾಲ್ಕು ಯುನಿಟ್‌ಗಳೂ ಸ್ವತಃ ಘನಗಳೇ, ಉದಾಹರಣೆಗೆ i = (−i)³. ಆದ್ದರಿಂದ ಯುನಿಟ್ ಅನ್ನು ಘನದೊಳಗೆ ಸೇರಿಸಿಕೊಂಡು x + i = (a + bi)³ ಎನ್ನಬಹುದು.

i ಯ ಗುಣಕ ಹೋಲಿಸಿ: 3a²b − b³ = 1, ಅಂದರೆ b(3a² − b²) = 1. b = 1 ಆದರೆ 3a² = 2, ಸಾಧ್ಯವಿಲ್ಲ. b = −1 ಆದರೆ 3a² − 1 = −1, a = 0. ಆಗ x = a³ − 3ab² = 0, y = 1. ಇದೊಂದೇ ಪರಿಹಾರ.

ಘನದ ಬದಲು ವರ್ಗ ಬಂದರೂ ಇದೇ ವಾದ ನಡೆಯುತ್ತದೆಯೇ?

ಯುನಿಟ್ ಹೆಜ್ಜೆ ನಡೆಯುವುದಿಲ್ಲ, ಅಂಕ ಹೋಗುವುದು ಇಲ್ಲೇ. −1 = i² ವರ್ಗ, ಆದರೆ i ವರ್ಗವಲ್ಲ. 4 + 3i ನೋಡಿ. ಅದರ ನಾರ್ಮ್ 25 = 5². ಆದರೂ ಅದು ವರ್ಗವಲ್ಲ, ಏಕೆಂದರೆ 4 + 3i = i(2 − i)². ಆದರೆ 3 + 4i = (2 + i)². ಹಾಗಾಗಿ x, y ಗೆ ಸಾಮಾನ್ಯ ಅಪವರ್ತನ ಇಲ್ಲ ಎಂದುಕೊಂಡು x² + y² = z² ಬಿಡಿಸುವಾಗ x + yi = u(m + ni)² ಎಂದು ಬರೆದು u ಅನ್ನು ಉಳಿಸಿಕೊಳ್ಳಿ. x ಬೆಸ, y ಸಮ ಎಂದು ಇಟ್ಟುಕೊಂಡರೆ u = ±1 ಆಗುತ್ತದೆ: (m + ni)² = m² − n² + 2mni, ಇದರಲ್ಲಿ i ಯ ಗುಣಕ ಸಮಸಂಖ್ಯೆ. i ಇಂದ ಗುಣಿಸಿದರೆ ಸಮ ಭಾಗ x ಕಡೆಗೆ ಹೋಗಿಬಿಡುತ್ತದೆ. ಈ ಒಂದು ಸಾಲು ಬರೆಯದಿದ್ದರೆ ಉತ್ತರ ಅಪೂರ್ಣ.

65 = 8² + 1² = 7² + 4². ಎರಡು ರೀತಿ ಎಲ್ಲಿಂದ ಬಂತು?

65 = 5 · 13 = (2 + i)(2 − i)(3 + 2i)(3 − 2i). 65 = N(α) ಆಗಬೇಕಾದರೆ α ಗೆ 5ರಿಂದ ಒಂದು ತುಂಡು, 13ರಿಂದ ಒಂದು ತುಂಡು ಬೇಕು. (2 + i)(3 + 2i) = 4 + 7i, (2 + i)(3 − 2i) = 8 − i. ಉಳಿದ ಎರಡು ಆಯ್ಕೆಗಳು ಇವುಗಳ ಸಂಯುಗ್ಮಗಳು, ಅಂದರೆ i ಬದಲು −i ಹಾಕಿದವು, ಹೊಸ ವರ್ಗಗಳನ್ನು ಕೊಡುವುದಿಲ್ಲ. 5 · 13 · 17 = 1105 ಆದರೆ ಇದೇ ರೀತಿ ನಾಲ್ಕು ಬರುತ್ತವೆ: 33² + 4², 32² + 9², 31² + 12², 24² + 23². ಆದರೆ 21 = 3 · 7 ಒಂದು ರೀತಿಯಲ್ಲೂ ಬರುವುದಿಲ್ಲ. 3 ಒಡೆಯುವುದಿಲ್ಲ, ಹಾಗಾಗಿ ನಾರ್ಮ್‌ನಲ್ಲಿ ಅದು ಯಾವಾಗಲೂ ಸಮ ಘಾತದಲ್ಲೇ ಬರುತ್ತದೆ.

i ಬದಲು √−5 ಹಾಕಿ ಇದನ್ನೆಲ್ಲ ಮಾಡಬಹುದೇ?

ಹಾಗೇ ಮಾಡಲು ಆಗದು. a + b√−5 ಸಂಖ್ಯೆಗಳಲ್ಲಿ 6 = 2 · 3 = (1 + √−5)(1 − √−5). ನಾರ್ಮ್ a² + 5b². ಈ ನಾಲ್ಕು ತುಂಡುಗಳ ನಾರ್ಮ್ 4, 9, 6, 6. ಇವು ಮುಂದೆ ಒಡೆಯಬೇಕಾದರೆ ನಾರ್ಮ್ 2 ಅಥವಾ 3 ಇರುವ ಸಂಖ್ಯೆ ಬೇಕು, a² + 5b² ಯಾವತ್ತೂ 2 ಅಥವಾ 3 ಆಗುವುದಿಲ್ಲ. ಅಲ್ಲಿನ ಯುನಿಟ್‌ಗಳು 1, −1 ಮಾತ್ರ, ಹಾಗಾಗಿ ಯುನಿಟ್ ಹೆಸರು ಹೇಳಿ ಎರಡನ್ನೂ ಒಂದೇ ಎನ್ನಲೂ ಆಗದು. 6ಕ್ಕೆ ನಿಜವಾಗಿಯೇ ಎರಡು ಬೇರೆ ಅಪವರ್ತನಗಳಿವೆ. ಹತ್ತಿರಕ್ಕೆ ಸರಿಸುವ ಹೆಜ್ಜೆಯಲ್ಲಿ ನೋಡಿದರೆ ಕಾರಣ ತಿಳಿಯುತ್ತದೆ: ಅಲ್ಲಿ ವ್ಯತ್ಯಾಸದ ನಾರ್ಮ್ 1/4 + 5/4 = 3/2 ವರೆಗೆ ಹೋಗಬಹುದು, ಅದು 1ಕ್ಕಿಂತ ದೊಡ್ಡದು. √−2ಕ್ಕೆ ಅದೇ ಲೆಕ್ಕ 1/4 + 2/4 = 3/4 ಕೊಡುತ್ತದೆ, ಆದ್ದರಿಂದ a + b√−2 ಸಂಖ್ಯೆಗಳಲ್ಲಿ ಮೇಲಿನ ವಾದಗಳನ್ನು ಧೈರ್ಯವಾಗಿ ಬಳಸಬಹುದು. ಯುನಿಟ್‌ಗಳು ಅಲ್ಲಿಯೂ 1 ಮತ್ತು −1 ಮಾತ್ರ. ಒಡೆಯುವ ಬೆಸ ಅವಿಭಾಜ್ಯಗಳು 8ರಿಂದ ಭಾಗಿಸಿದಾಗ ಶೇಷ 1 ಅಥವಾ 3 ಬರುವವು. ಉದಾಹರಣೆಗೆ 11 = (3 + √−2)(3 − √−2).